ಪಟ್ಟಿಯ ನಾಲ್ಕನೆಯ ಸಾಲು

ಪುಸ್ತಕ ಕಟ್ಟುವ ಅಂಗಡಿ ತೆರೆದ ದಿನ ಬೈಂಡರು ಹೆಂಡತಿಗೆ ಮಾತು ಕೊಟ್ಟಿದ್ದ: "ಮುಂದಿನ ಸಲ ಬೋರ್ಡು ಬರೆಸುವಾಗ ನಿನ್ನ ಹೆಸರೇ ಮೊದಲು. ಕಣ್ಣಾರೆ ನೋಡ್ತೀಯಂತೆ."

ಇಪ್ಪತ್ತಾರು ವರ್ಷ ಅವಳು ಹಾಳೆ ಹೊಲಿದಳು, ಅವನು ರಟ್ಟು ಕಟ್ಟಿದ. ಬಣ್ಣ ಉದುರಿದರೂ ಬೋರ್ಡು ಮಾತ್ರ ಬದಲಾಗಲಿಲ್ಲ. ಮಗಳು ವೆಬ್‌ಸೈಟ್ ಮಾಡಿಸೋಣವೆಂದು ಹಟ ಹಿಡಿದಾಗ, ಹೆಂಡತಿಗೆ "ಇದೇ ನಿನ್ನ ಬೋರ್ಡು ಕಣೆ" ಎಂದಿದ್ದ.

"ಬಿಡ್ರೀ, ನಿಮ್ಮ ಬೋರ್ಡು ಕಾದು ಕಾದು ನನ್ನ ತಲೆ ನರೆತುಹೋಯ್ತು." ಸೂಜಿಗೆ ನೂಲು ಪೋಣಿಸುತ್ತಲೇ ಅವಳು ನಕ್ಕಿದ್ದಳು.

ಈಗ ಅವಳು ತೀರಿಕೊಂಡು ಹದಿನೆಂಟು ದಿನ. ಅಂಗಡಿಯಲ್ಲಿ ಅಂಟು ಕಲಸುತ್ತಿದ್ದ ಬೈಂಡರನ ಫೋನು ಗುಂಯ್ ಎಂದಿತು. ವೆಬ್‌ಸೈಟ್ ಮಾಡುವ ಹುಡುಗಿಯ ಸಂದೇಶ. ಸಾವಿನ ಸುದ್ದಿ ಆಕೆಗೆ ಗೊತ್ತಿರಲಿಲ್ಲ. ಅವನ ಕೈ ಅಂಟಾಗಿದ್ದರಿಂದ ಮಗಳೇ ಓದಿದಳು:

"ಸರ್, ಈ ಸೋಮವಾರ ನಿಮ್ಮ ವೆಬ್‌ಸೈಟ್ ಶುರುವಾಗಬೇಕಿತ್ತು, ಆಗುತ್ತಿಲ್ಲ. ಗ್ರಾಹಕರು ವಿಚಾರಿಸುವ ಫಾರ್ಮ್ ಮೊಬೈಲಿನಲ್ಲಿ ಕೈಕೊಟ್ಟು ಎರಡು ದಿನ ಹೋಯಿತು. ಅದು ನಮ್ಮ ತಪ್ಪು, ಕ್ಷಮಿಸಿ, ಸರಿಮಾಡಿದ್ದೇವೆ. ಇನ್ನು ನಿಮ್ಮಿಂದ ಬರಬೇಕಾದದ್ದು: ಒಂದು, ನೀವು ಕಟ್ಟಿದ ಪುಸ್ತಕಗಳ ಆರು ಫೋಟೋ, ಚಿಕ್ಕದು ಮಾಡದೆ. ಎರಡು, ಯಾವ ಕೆಲಸಕ್ಕೆ ಎಷ್ಟು ದಿನ. ಮೂರು, ಅಂಗಡಿಯ ವೇಳೆ, ಫೋನ್ ನಂಬರು. ನಾಲ್ಕು, 'ನಮ್ಮ ಬಗ್ಗೆ' ಪುಟಕ್ಕೆ ಐದಾರು ಸಾಲು, ಅಂಗಡಿ ಕಟ್ಟಿದವರ ಹೆಸರು. ಈ ಪಟ್ಟಿ ಮೊದಲು ಕಳಿಸಿದ್ದು ಮಾರ್ಚ್ ಮೂರಕ್ಕೆ, ನೆನಪಿಸಿದ್ದು ಹದಿನೇಳಕ್ಕೆ. ಎಲ್ಲ ಕೈಸೇರಿದ ಮೂರನೆಯ ದಿನ ಶುರುಮಾಡುತ್ತೇವೆ."

"ತಾರೀಕು ಇನ್ನೊಂದ್ಸಲ ಓದು."

ಓದಿದಳು. ಮೂರಕ್ಕೆ ಹೆಂಡತಿ ಇಲ್ಲೇ ಎದುರಿನ ಸ್ಟೂಲಿನ ಮೇಲೆ ಕೂತು ಹರಿದ ನಿಘಂಟು ಹೊಲಿಯುತ್ತಿದ್ದಳು. ಹದಿನೇಳಕ್ಕೆ ಆಸ್ಪತ್ರೆಯ ಮಂಚದಿಂದ, "ಆಯ್ತೇನ್ರೀ?" ಎಂದು ಕೇಳಿದ್ದಳು. "ಇನ್ನೊಂಚೂರು. ಚೆಂದಾಗಿ ಬರೀಬೇಕಲ್ಲ," ಎಂದಿದ್ದ. ಕಳಿಸಿಬಿಟ್ಟಿದ್ದರೆ ಮೂರು ದಿನ ಸಾಕಿತ್ತು.

"ಅಪ್ಪಾ, ಬರೆದದ್ದೆಲ್ಲಿ?"

ಅವನು ಕೈ ಒರೆಸಿಕೊಂಡು ಪುಸ್ತಕ ಒತ್ತುವ ಪ್ರೆಸ್ಸಿನಡಿಯಿಂದ ಒಂದು ಹಾಳೆ ಎಳೆದು ಕೊಟ್ಟ. ಅದರ ತುಂಬಾ ಹೊಡೆದುಹಾಕಿದ ಸಾಲುಗಳು. ಉಳಿದದ್ದು ಎರಡು ಹೆಸರು.

"ಇಷ್ಟೇನಾ? ಒಂದು ತಿಂಗಳಿಗೆ?" ಎಂದವಳು ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು.

"ಅಷ್ಟೇ ಹಾಕು."

ಅವಳು ಕಪಾಟಿನ ಪುಸ್ತಕಗಳನ್ನು ಬೆಳಕಿಗಿಟ್ಟು ಆರು ಫೋಟೋ ತೆಗೆದಳು, ಉಳಿದದ್ದನ್ನು ಅವನನ್ನು ಕೇಳಿ ಕೇಳಿ ಟೈಪು ಮಾಡಿದಳು. ಅರ್ಧ ಗಂಟೆಯೂ ಹಿಡಿಯಲಿಲ್ಲ.

"ಆ ಹುಡುಗಿಗೆ ಅಮ್ಮನ ವಿಷಯ ತಿಳಿಸ್ಲಾ?"

"ಬೇಡಮ್ಮ. ಎರಡೇ ದಿನ ತಡವಾದ್ದಕ್ಕೆ ಕ್ಷಮೆ ಕೇಳಿದ್ದಾಳೆ ಪಾಪ."

ಮೂರನೆಯ ದಿನ ವೆಬ್‌ಸೈಟ್ ಶುರುವಾಯಿತು. ಹೆಂಡತಿಯ ಹೆಸರೇ ಮೊದಲಿತ್ತು. ಅವಳು ನೋಡಲಿಲ್ಲ. ಬೈಂಡರು ಕೊಟ್ಟ ಮಾತಿಗೆ ತಪ್ಪಿದ.