ನೋಡದೆ ಸಹಿ ಹಾಕಿದ ಸಿನಿಮಾ

ಕಾಲೇಜಿನ ಸಿನಿಮಾ ಸಮಿತಿ ಎಂದರೆ ಮೂರು ಕುರ್ಚಿ, ಒಂದು ತಟ್ಟೆ ಚಕ್ಕುಲಿ, ಒಂದು ಫಾರಂ. ಫಾರಂನಲ್ಲಿ ಅಚ್ಚಾಗಿದ್ದ ಸಾಲು: ‘ಈ ಚಿತ್ರವನ್ನು ಪೂರ್ತಿಯಾಗಿ ನೋಡಿ, ಪಾಠಕ್ಕೆ ತಕ್ಕುದೆಂದು ದೃಢೀಕರಿಸುತ್ತೇವೆ.’ ಪೂರ್ತಿಯಾಗುತ್ತಿದ್ದುದು ಚಕ್ಕುಲಿ ಮಾತ್ರ.

ಇತಿಹಾಸದ ಅತಿಥಿ ಉಪನ್ಯಾಸಕಿ ವೀಣಾ ಶಿರಂಗಾಲದಿಂದ ಬಸ್ಸಿಗೆ ಬರುವಾಗ ಬ್ಯಾಗಿನಲ್ಲಿ ಒಂದು ಸಾಕ್ಷ್ಯಚಿತ್ರ ತಂದಿದ್ದಳು. ಕಾಫಿ ತೋಟದ ಕೂಲಿಗಳ ಲೈನ್‌ಮನೆಗಳಲ್ಲಿ ಬಾಳಿದ ಹಿರಿಯರು ತಮ್ಮ ಕಥೆ ಹೇಳುವ ನಲವತ್ತು ನಿಮಿಷದ ಚಿತ್ರ. ಎರಡು ಕಡೆ ನಿಲ್ಲಿಸಿ ಕೇಳಬೇಕಾದ ಪ್ರಶ್ನೆ ಬರೆದಿದ್ದಳು. ಅದೇ ಜನರ ಬಗ್ಗೆ ಹಳೆಯ ಗೆಜೆಟಿಯರ್ ಏನನ್ನುತ್ತದೆ ಎಂದು ಹೋಲಿಸಲು ಎರಡು ಪುಟ ಜೆರಾಕ್ಸ್ ಕೂಡ ಮಾಡಿಸಿದ್ದಳು.

“ಮುದುಕರು ಕೂತು ಮಾತಾಡೋದು ಸಿನಿಮಾನಾ ಮೇಡಂ?” ಪ್ರಿನ್ಸಿಪಾಲ್ ಧರ್ಮೇಶ್ ಗಂಟಲು ಸರಿಮಾಡಿಕೊಂಡರು. “ಆ ರಾಜನ ಸಿನಿಮಾ ಹಾಕಿ. ಕತ್ತಿ ಐತೆ, ಕುದುರೆ ಐತೆ, ಕೊನೇಲಿ ತ್ಯಾಗ ಐತೆ. ನಿಮ್ಮ ಇತಿಹಾಸನೂ ಆಯ್ತು, ಪ್ರಜ್ಞೇಶರ ನೀತಿನೂ ಆಯ್ತು. ಏನಂತೀರ, ಹಾಂ?”

ಮೌಲ್ಯ ಶಿಕ್ಷಣದ ಪ್ರಜ್ಞೇಶರ ಬಾಯಿ ತುಂಬ ಚಕ್ಕುಲಿ.

“ನಮ್ಮ ಪೀರಿಯಡ್ ಐವತ್ತೈದು ನಿಮಿಷ ಸರ್, ಆ ಸಿನಿಮಾ ಮೂರು ಗಂಟೆ,” ಎಂದಳು ವೀಣಾ.

“ಹಾಡೆಲ್ಲ ಹಾರಿಸಿಬಿಡಿ. ಫೋಟೋಲಿ ಮಕ್ಕಳು ನಗ್ತಾ ಇರ್ಬೇಕು, ಅಷ್ಟೆ. ಫೈಲಿಗೆ ಬೇಕು.”

ಮುಂದಿನ ವರ್ಷ ಅವಳನ್ನು ಕರೆಸಿಕೊಳ್ಳಲು ಬೇಕಾದ ವರದಿ ಬರೆಯುವವರೂ ಧರ್ಮೇಶರೇ. ವೀಣಾ ಆ ಸಿನಿಮಾದ ಟ್ರೈಲರ್ ಮಾತ್ರ ನೋಡಿದ್ದಳು. ಸಹಿ ಹಾಕಿದಳು. ಇಂಕು ಆರುವ ಮೊದಲೇ ಬಾಯೆಲ್ಲ ಕಹಿಯಾಯಿತು.

ಆ ಕಹಿಯನ್ನು ಅವಳು ಕ್ಲಾಸಿನಲ್ಲಿ ಮಕ್ಕಳನ್ನು ನಗಿಸಿ ಉಗಿದಳು. ಅವಳ ಮಿಮಿಕ್ರಿ ಎಂದರೆ ಕ್ಲಾಸು ಪ್ರಾಣ ಬಿಡುತ್ತಿತ್ತು. “ಮಕ್ಕಳೇ, ಇತಿಹಾಸ ಬೇಡವಂತೆ, ಪರಿಹಾಸ ಸಾಕಂತೆ,” ಎಂದು ಮೊದಲು ಪ್ರಿನ್ಸಿಪಾಲರ ಗಂಟಲನ್ನು, ಆಮೇಲೆ ಟ್ರೈಲರಿನ ರಾಜನ ಗುಡುಗನ್ನು ಮಾಡಿ ತೋರಿಸಿದಳು. ಚಪ್ಪಾಳೆ ನಿಲ್ಲದ್ದರಿಂದ, ರಾಜನಿಗೆ ದಾರಿ ತೋರಿಸುವ ಕಾಡಿನವನ ಗೊರಗೊರ ಸದ್ದನ್ನೂ ಮಾಡಿದಳು. ಭುಜ ಇಳಿಬಿಟ್ಟು, ತುಟಿ ಮುಂದೆ ಮಾಡಿ, ಕೊನೆಗೆ ಮೂಗಿನಲ್ಲಿ ಸ್ವರ ಎಳೆದು. ಮಕ್ಕಳು ಬೆಂಚು ಬಡಿದು ನಕ್ಕರು. ಮೂರನೇ ಬೆಂಚಿನ ಲಿಂಗಿ ನೋಟ್ಸಿನ ಅಂಚಿಗೆ ಗೆರೆ ಎಳೆಯುತ್ತಿದ್ದಳು. ಲಿಂಗಿ ಲೈನ್‌ಮನೆಯಿಂದ ಡಿಗ್ರಿಗೆ ಬಂದ ಎರವ ಬುಡಕಟ್ಟಿನ ಹುಡುಗಿ.

ಗುರುವಾರ ಕ್ಲಾಸಿನಲ್ಲಿ ಸಿನಿಮಾ ಪರದೆ ಇಳಿಯಿತು. ಟ್ರೈಲರಿನಲ್ಲಿ ಎರಡು ಸೆಕೆಂಡಿದ್ದ ಕಾಡಿನವನು ಸಿನಿಮಾದಲ್ಲಿ ಅರ್ಧ ಗಂಟೆಯಿದ್ದ. ಮೈಗೆ ಮಸಿ. ಒಂದೂ ಮಾತಿಲ್ಲ. ರಾಜ ಬಾಳೆಹಣ್ಣು ಎಸೆದರೆ ಬಾಯಲ್ಲಿ ಹಿಡಿಯುತ್ತಾನೆ; ಅದಕ್ಕೆ ಡೊಳ್ಳಿನ ಸದ್ದು.

ಹಿಂದಿನ ಬೆಂಚಿನ ಅಭಿಲಾಷ್ ಲಿಂಗಿಯ ಕಡೆ ವಾಲಿ ಗೊರಗೊರ ಅಂದ. ಸುತ್ತಲಿನವರು ಕಿಸಕ್ಕೆಂದರು. ಅವನು ಮಾಡಿದ್ದು ಸಿನಿಮಾದ್ದಲ್ಲ. ಭುಜ ಇಳಿಬಿಟ್ಟದ್ದು, ತುಟಿ, ಕೊನೆಗೆ ಎಳೆದ ಆ ಸಣ್ಣ ಮೂಗಿನ ಸ್ವರ, ಎಲ್ಲ ವೀಣಾಳದೇ. ಅವಳದೇ ಬಾಯಿ ಹುಡುಗನ ಮುಖದಲ್ಲಿ ಕೂತಿತ್ತು.

ಅವಳು ಸಿನಿಮಾ ನಿಲ್ಲಿಸಿ ದೀಪ ಹಾಕಿದಳು. ಬಾಗಿಲಲ್ಲಿ ಫೋನ್ ಹಿಡಿದು ನಿಂತಿದ್ದ ಧರ್ಮೇಶ್, “ಯಾಕ್ ಮೇಡಂ? ಚೆನ್ನಾಗಿ ನಗ್ತಾ ಇದ್ರಲ್ಲ,” ಎಂದರು. ಫೋಟೋ ಆಗಿತ್ತು.

“ಅಭಿಲಾಷ್, ಇನ್ನೊಂದ್ಸಲ ಮಾಡು,” ಎಂದಳು.

“ಸಾರಿ ಮೇಡಂ.”

“ನನಗ್ಯಾಕೆ ಸಾರಿ? ನಿಂಗೆ ಕಲಿಸಿದ್ದೇ ನಾನು.” ಅವಳು ಕ್ಲಾಸಿನ ಕಡೆ ತಿರುಗಿದಳು. “ನಾನು ಈ ಸಿನಿಮಾ ನೋಡಿರಲಿಲ್ಲ. ನೋಡಿದೀನಿ ಅಂತ ಸಹಿ ಹಾಕಿದ್ದೆ. ಇದರಲ್ಲಿ ಇತಿಹಾಸ ಎಷ್ಟಿದೆಯೋ ಆ ಸಹಿಯಲ್ಲೂ ಅಷ್ಟೇ ನಿಜ ಇತ್ತು.”

ಧರ್ಮೇಶ್ ಫೋನ್ ಜೇಬಿಗಿಳಿಸಿದರು. “ಆಫೀಸಿಗೆ ಬನ್ನಿ,” ಎಂದು ಹೊರಟರು.

ಅವಳು ಅವರ ಹಿಂದೆಯೇ ಹೋದಳು. ಫೈಲಿನಿಂದ ಫಾರಂ ತೆಗೆದು ತನ್ನ ಹೆಸರಿಗೆ ಅಡ್ಡಗೆರೆ ಎಳೆದು, ಕೆಳಗೆ ಬರೆದಳು: ‘ಟ್ರೈಲರ್ ಮಾತ್ರ ನೋಡಿದ್ದೆ. ಈ ಚಿತ್ರ ಪಾಠಕ್ಕೆ ತಕ್ಕುದಲ್ಲ.’

“ಮುಂದಿನ ವರ್ಷದ ಯೋಚನೆ ಇಲ್ವಾ ನಿಮಗೆ?” ಧರ್ಮೇಶ್ ಮೆಲ್ಲಗೆ ಕೇಳಿದರು.

“ಇತ್ತು ಸರ್. ಅದಕ್ಕೇ ಸಹಿ ಹಾಕಿದ್ದು.”

ಹೊರಗೆ ಮೆಟ್ಟಿಲ ಮೇಲೆ ಲಿಂಗಿ ಬಸ್ಸಿಗೆ ಹೊರಟಿದ್ದಳು. ವೀಣಾ ಪಕ್ಕಕ್ಕೆ ಹೋಗಿ, “ತಪ್ಪಾಯ್ತು ಲಿಂಗಿ,” ಎಂದಳು. “ಸೋಮವಾರ ಕಾಫಿ ತೋಟದ ಹಿರಿಯರು ತಾವೇ ಮಾತಾಡೋ ಸಿನಿಮಾ ಹಾಕ್ತೀನಿ. ಅದನ್ನ ಪೂರ್ತಿ ನೋಡಿದೀನಿ.”

ಲಿಂಗಿ ಬ್ಯಾಗಿನ ಜಿಪ್ ಎಳೆದಳು.

“ಹಾಕಿ ಮೇಡಂ. ಅವರು ಮಾತಾಡೋದನ್ನೂ ಆಮೇಲೆ ಮಾಡಿ ತೋರಿಸ್ತೀರಾ?”

ವೀಣಾ ಉತ್ತರಕ್ಕೆ ಬಾಯಿ ತೆರೆದಳು. ಆ ಬಾಯಿಯ ಬಗ್ಗೆ ಅವಳಿಗೇ ಹೇಸಿಗೆಯಾಗಿ, ಮುಚ್ಚಿಕೊಂಡಳು.