ಸ್ವಂತದವರ ಸಹಿ

ಬನಹಟ್ಟಿಯ ಹೊರಗಿನ ಒಂದು ವಸತಿ ಶಾಲೆಗೆ ಅಡಿಗೆಯವರು ಬೇಕಾಗಿದ್ದರು. ಚಿಮ್ಮಡದ ಮಾಯವ್ವ ಅರ್ಜಿ ಹಾಕುತ್ತೇನೆ ಎಂದಾಗ ಅವಳ ಗಂಡ ಜಕ್ಕಪ್ಪ ಎರಡು ದಿನ ಕುರಿಹಟ್ಟಿಯಲ್ಲೇ ಕಳೆದ. ಮೂರನೆಯ ದಿನ ತಾನೇ ಹೋಗಿ ಅರ್ಜಿ ತಂದ.

“ಕುರಿ ಹಿಂದ ಅಡ್ಡಾಡಿ ಮೊಣಕಾಲು ಹೋಗ್ಯಾವ್ರಿ. ಒಲಿ ಮುಂದಾದ್ರ ಒಂದ ಕಡೆ ನಿಂದರಬಹುದು,” ಎಂದು ಅವಳು ಹೇಳಿದ್ದಳು. ಅದು ಸುಳ್ಳಲ್ಲ. ಸಂಜೆ ಕಟ್ಟೆ ಹತ್ತುವಾಗ ಅವಳು ಗೋಡೆ ಹಿಡಿಯುವುದನ್ನು ಜಕ್ಕಪ್ಪ ನೋಡಿದ್ದ, ನೋಡಿಯೂ ಹಟ್ಟಿಯ ಕಡೆ ಮುಖ ತಿರುವಿದ್ದ. ಈ ಕೆಲಸ ಸಿಗದಿದ್ದರೆ ಬರುವ ಬೇಸಿಗೆಯಲ್ಲೂ ಅವಳು ಕುರಿಗಳ ಹಿಂದೆಯೇ.

ಅರ್ಜಿಯ ಕೊನೆಯಲ್ಲಿ ಒಂದು ಸಾಲಿತ್ತು: ದಾಖಲೆಗಳ ಪ್ರತಿಗಳು ಸ್ವಯಂ ದೃಢೀಕೃತವಾಗಿರತಕ್ಕದ್ದು. ಜಕ್ಕಪ್ಪ ಪೇಪರ್ ಓದುವ ಮನುಷ್ಯ. ಸಾಲನ್ನು ಎರಡು ಸಲ ಓದಿ ಕನ್ನಡಕ ತೆಗೆದ.

“ಸ್ವಯಂ ಅಂದ್ರ ಸ್ವಂತ. ಸ್ವಂತದವರು ಸಹಿ ಮಾಡಿ, ಇದು ಖರೆ ಅಂತ ಹೇಳಬೇಕು. ಗಂಡಗಿಂತ ಸ್ವಂತದವ ಯಾರದಾನ ನಿನಗ?”

“ನಮ್ಮಣ್ಣ ಅದಾನಲ್ರಿ.”

“ಅವನ ಸಹಿ ಏನೂ ಬ್ಯಾಡ.”

ಆಧಾರ, ರೇಷನ್ ಕಾರ್ಡು, ಶಾಲೆಯ ದಾಖಲೆ, ಎಲ್ಲ ಜೆರಾಕ್ಸ್‌ಗಳ ಮೇಲೂ ಅವನು ಉದ್ದವಾಗಿ ಸಹಿ ಹಾಕಿದ. ಸೊಸೈಟಿಯಲ್ಲಿ, ಬ್ಯಾಂಕಿನಲ್ಲಿ, ಮನೆಯ ಪರವಾಗಿ ಸಹಿ ಹಾಕಿದವನು ಯಾವತ್ತೂ ಅವನೇ. ಮಾಯವ್ವ ನಾಲ್ಕನೆಯ ಇಯತ್ತೆ ಓದಿದವಳು, ಅಕ್ಷರ ಬರುತ್ತಿದ್ದವು. ಆದರೆ ಅವಳ ಅಕ್ಷರ ಕೇಳಿದವರು ಯಾರೂ ಇರಲಿಲ್ಲ.

ಶಾಲೆಯ ಆಫೀಸಿನಲ್ಲಿ ಕೂತಿದ್ದ ಕ್ಲರ್ಕ್ ಹೆಂಗಸು, ಎಲ್ಲರೂ ‘ಬಾಯಿ’ ಎಂದು ಕರೆಯುವವಳು, ಕಾಗದಗಳನ್ನು ತಿರುವಿ ಪೆನ್ಸಿಲ್ಲಿನಿಂದ ಎರಡು ಕಡೆ ಗುರುತು ಹಾಕಿದಳು.

“ದೃಢೀಕರಣ ಸರಿ ಇಲ್ರಿ. ಮತ್ತ ಸಾಲಿ ದಾಖಲೆದಾಗ ಮಾಯಕ್ಕ ಐತಿ, ಆಧಾರದಾಗ ಮಾಯವ್ವ ಐತಿ. ಇಬ್ರೂ ಒಬ್ರ ಅಂತ ಅಫಿಡವಿಟ್ ತರ್ರಿ. ನಾಳೆ ಕಡೀ ದಿನ.”

ಹಿಂದೆ ಪಾಳಿ ಹಚ್ಚಿದವರ ಸಾಲು ಉದ್ದವಿತ್ತು. ಜಕ್ಕಪ್ಪ ಏನೂ ಕೇಳದೆ ಮಾಯವ್ವನನ್ನು ಕರೆದುಕೊಂಡು ಹೊರಗೆ ಬಂದ. ಅವನಿಗೆ ತಿಳಿದದ್ದು ಇಷ್ಟೇ: ತನ್ನ ಸಹಿಯ ತೂಕ ಸಾಲಲಿಲ್ಲ, ದೊಡ್ಡವರ ಸಹಿ ಬೇಕು.

“ನೀ ಮನಿಗೆ ಹೋಗು, ಕುರಿ ಒಬ್ಬನs ಹುಡುಗನ ಕೈಯಾಗ ಅದಾವು. ನಾ ಜಮಖಂಡಿಗೆ ಹೋಗಿ ಎಲ್ಲಾ ಮುಗಿಸ್ಕೊಂಡು ಬರ್ತೀನಿ,” ಎಂದು ಬಸ್ ಹತ್ತಿದ.

ಅವನಿಗೆ ಗುರುತಿದ್ದ ದೊಡ್ಡ ಅಧಿಕಾರಿ ಒಬ್ಬರೇ, ಪಶು ಆಸ್ಪತ್ರೆಯ ರಾಜಕುಮಾರ ಡಾಕ್ಟರು. ಅವನ ಕುರಿಗಳಿಗೆ ಲಸಿಕೆ ಹಾಕಿದ್ದವರು. ಗೆಜೆಟೆಡ್ ಆಫೀಸರು, ಹಸಿರು ಶಾಯಿಯಲ್ಲಿ ಸಹಿ ಮಾಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು.

ಡಾಕ್ಟರು ಒಂದು ಆಕಳ ಬಾಯಿ ನೋಡುತ್ತಿದ್ದವರು ಕೈ ತೊಳೆದು ಬಂದರು.

“ಯಾವ ಕುರಿಗೆ ಏನಾಗೇತೋ ಜಕ್ಕಪ್ಪ?”

“ಕುರಿಗಲ್ರಿ, ಮನ್ಯಾಗಿನ ಆಕಿಗೆ. ಒಂದ ಹಸರ ಸಹಿ ಬೇಕಾಗಿತ್ರಿ,” ಎಂದು ಆಫೀಸಿನ ಬಾಯಿ ಹೇಳಿದ್ದನ್ನೆಲ್ಲ ಅವನು ಒಪ್ಪಿಸಿದ.

ಡಾಕ್ಟರು ನಕ್ಕು ಅರ್ಜಿ ಇಸಿದುಕೊಂಡರು. ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು. ಜೆರಾಕ್ಸ್‌ಗಳ ಮೇಲಿನ ಸಹಿ ನೋಡಿದಾಗ ಮತ್ತೆ ಬಂತು.

“ಇಲ್ಲೆಲ್ಲಾ ನೀನs ಸಹಿ ಮಾಡಿಯಲ್ಲಪ್ಪ?”

“ಸ್ವಂತದವರು ಮಾಡಬೇಕಂತರಿ.”

“ಸ್ವಂತದವರಲ್ಲ, ಸ್ವಂತ. ಅರ್ಜಿ ಯಾರದೈತಿ, ಅವರ. ಮಾಯವ್ವ ಸಹಿ ಮಾಡಿ ಕೆಳಗ ತಾರೀಖು ಹಾಕಬೇಕು, ಇದು ಅಸಲಿನ ನಕಲು, ಇದಕ್ಕ ನಾನs ಜವಾಬ್ದಾರಿ ಅಂತ. ಮುಂಚೆ ಇದಕ್ಕೆಲ್ಲಾ ನಮ್ಮ ಬಾಗಲಕ್ಕ ಬರ್ತಿದ್ರು. ಈಗೂ ಕೆಲವು ಕಾಗದಕ್ಕ ಗೆಜೆಟೆಡ್ ಸಹಿ ಬೇಕಂತ ಬರದಿರ್ತಾರ, ಅಲ್ಲಿ ಅಸಲ ನೋಡಿ ಮಾಡಿಕೊಡ್ತೀನಿ. ಇದರಾಗ ಬರದಿಲ್ಲ.”

“ನೀವು ಮಾಡಿದ್ರ ತೂಕ ಜಾಸ್ತಿ ಆಗ್ತೈತಲ್ರಿ?”

“ನಾ ಸಹಿ ಮಾಡಿದ್ರೂ ಆ ಬಾಯಿ ಮಾಯವ್ವನ ಸಹಿ ಎಲ್ಲಿ ಅಂತನs ಕೇಳ್ತಾರ. ನಾಳೆ ಒಂದ ದಿನ ಐತಿ ನಿನಗ. ಅಫಿಡವಿಟ್ಟಿಗೆ ಮಾತ್ರ ಕೋರ್ಟ್ ಕಡೆ ಹೋಗು, ಅದಕ್ಕ ನೋಟರಿ ಬೇಕು.”

ಕೋರ್ಟಿನ ಎದುರು ನೇಮಿರಾಜ ವಕೀಲರು ನೋಟರಿ. ಟೈಪ್ ಮಾಡುವವನು ಛಾಪಾ ಕಾಗದದ ಮೇಲೆ ಮಾಯಕ್ಕ ಮತ್ತು ಮಾಯವ್ವ ಒಬ್ಬಳೇ ಎಂದು ಒಕ್ಕಣಿಸಿ ಕೊಟ್ಟ. ಜಕ್ಕಪ್ಪ ಸಹಿಗೆ ಪೆನ್ನು ತೆರೆದ.

“ನೀವು ಯಾರ್ರಿ?” ಎಂದರು ವಕೀಲರು.

“ಗಂಡರಿ.”

“ಆಣಿ ಮಾಡೂದು ಅವರು. ನನ್ನ ಎದುರಿಗೆ ಬಂದು, ನನ್ನ ಎದುರಿಗೆನs ಸಹಿ ಮಾಡಬೇಕು. ನಿಮ್ಮ ಸಹಿ ಮ್ಯಾಲ ನಾ ಸಿಕ್ಕಾ ಒತ್ತಿದ್ರ ಅದು ಯಾರ ಅಫಿಡವಿಟ್ಟು? ಕರಕೊಂಡು ಬರ್ರಿ. ಆಧಾರದ ಅಸಲೂ ಬೇಕು.”

ಅಸಲೆಲ್ಲ ಚೀಲದಲ್ಲಿತ್ತು, ಮನುಷ್ಯಳೇ ಇರಲಿಲ್ಲ. ಜಕ್ಕಪ್ಪ ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ಫೋನ್ ಮಾಡಿದ. ಒಬ್ಬಳೇ ಬನಹಟ್ಟಿ ದಾಟಿ ಜಮಖಂಡಿಗೆ ಬಂದವಳಲ್ಲ ಮಾಯವ್ವ. ಬಸ್ಸಿನ ಬೋರ್ಡು ಓದುತ್ತಾಳೋ ಇಲ್ಲವೋ ಎಂದು ಅವನಿಗೆ ಅಳುಕು.

“ಬರ್ತೀನ್ರಿ,” ಎಂದಳು ಅವಳು. “ನಿಮಗ ಊಟಾ ಆಗೇತಿ?”

ಆಗಿರಲಿಲ್ಲ. ನಾಲ್ಕು ಗಂಟೆಯ ಸುಮಾರಿಗೆ ಅವಳು ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಳು, ಕೈಯಲ್ಲಿ ಬುತ್ತಿ. ವಕೀಲರು ಮನೆಗೆ ಹೊರಡುವ ಗಡಿಬಿಡಿಯಲ್ಲಿದ್ದರು, ಬುತ್ತಿ ಬೆಂಚಿನ ಮೇಲೆಯೇ ಉಳಿಯಿತು.

ವಕೀಲರು ಆಧಾರದ ಫೋಟೊ ನೋಡಿದರು, ಅವಳ ಮುಖ ನೋಡಿದರು, ಬರೆದದ್ದನ್ನು ನಿಧಾನವಾಗಿ ಓದಿ ಹೇಳಿದರು.

“ಎಲ್ಲಾ ಖರೆ ಐತೇನವ್ವ?”

“ಖರೆ ಐತ್ರಿ. ಸಾಲ್ಯಾಗ ಮಾಸ್ತರ್ರು ಮಾಯಕ್ಕ ಅಂತ ಬರಕೊಂಡ್ರು. ಮನ್ಯಾಗ ಮಾಯವ್ವ.”

“ಯಜಮಾನರ ಹೆಸರು?”

ಮಾಯವ್ವ ಸೆರಗನ್ನು ಬಾಯಿಗೆ ತಂದಳು. ಗಂಡನ ಹೆಸರು ಹೇಳುವ ರೂಢಿ ಅವರಲ್ಲಿ ಇಲ್ಲ. ‘ನಮ್ಮನಿಯವರು’ ಎಂದರೆ ಮುಗಿಯಿತು. ಅವಳು ಅವನ ಕಡೆ ನೋಡಿದಳು.

“ನಾ ಹೇಳ್ತೀನ್ರಿ,” ಎಂದ ಅವನು.

“ನೀವು ಸುಮ್ನ ಕುಂದರ್ರಿ. ಅವರು ಆಣಿ ಮಾಡಾಕತ್ತಾರ.”

ಫ್ಯಾನು ತಿರುಗುತ್ತಿತ್ತು. ಮಾಯವ್ವ ಸೆರಗು ಇಳಿಸಿ, ಗೋಡೆಗೆ ಮುಖ ಮಾಡಿ, ಸಣ್ಣ ದನಿಯಲ್ಲಿ ಹೇಳಿದಳು: “ಜಕ್ಕಪ್ಪ.”

“ಹಾಂ,” ಎಂದು ಓಗೊಟ್ಟ ಜಕ್ಕಪ್ಪ, ಯಾರೋ ಕೂಗಿದರೆಂದು.

ವಕೀಲರು ತಲೆ ತಗ್ಗಿಸಿ ಸಿಕ್ಕಾ ಹುಡುಕಿದರು. ಮಾಯವ್ವ ನಗು ತಡೆಯಲಾರದೆ ಸಹಿ ಮಾಡಿದಳು, ಅಕ್ಷರ ಸ್ವಲ್ಪ ಸೊಟ್ಟಗಾದವು. ವಕೀಲರು ತಮ್ಮ ರಜಿಸ್ಟರಿನಲ್ಲೂ ಅವಳ ಸಹಿ ಹಾಕಿಸಿಕೊಂಡು, ನೋಟರಿ ಸ್ಟ್ಯಾಂಪು ಅಂಟಿಸಿ ಸಿಕ್ಕಾ ಒತ್ತಿದರು. ಜೆರಾಕ್ಸ್‌ಗಳ ಮೇಲೂ ಒಂದೊಂದು ಒತ್ತಿರಿ ಎಂದು ಜಕ್ಕಪ್ಪ ಬೇಡಿಕೊಂಡ. “ಅವಕ್ಕ ನಂದು ಬೇಕಾಗಿಲ್ರಿ, ಅವರದs ಸಾಕು,” ಎಂದು ಅವರು ಬಾಗಿಲು ಹಾಕಿಕೊಂಡರು.

ಗಿಡದ ಕೆಳಗೆ ಬುತ್ತಿ ಬಿಚ್ಚಿದರು. ಜಕ್ಕಪ್ಪ ರೊಟ್ಟಿ ಮುರಿಯುತ್ತ, “ನನ್ನ ಹೆಸರು ಇನ್ನೊಮ್ಮೆ ಹೇಳು,” ಎಂದ.

“ವಕೀಲರ ಮುಂದ ಅಷ್ಟರಿ. ಪುಂಡಿಪಲ್ಲೆ ಹಚ್ಚಿಕೊಳ್ರಿ.”

ಮರುದಿನ ಹೊಸ ಜೆರಾಕ್ಸ್ ತೆಗೆಸಿ ಬನಹಟ್ಟಿಯ ಆ ಆಫೀಸಿನ ಕಟ್ಟೆಯ ಮೇಲೆ ಕೂತರು. ಜಕ್ಕಪ್ಪ ಗಾಳಿಗೆ ಹಾರದಂತೆ ಕಾಗದ ಹಿಡಿದ, ಮಾಯವ್ವ ಒಂದೊಂದರ ಮೇಲೂ ಹೆಸರು ಬರೆದು ತಾರೀಖು ಹಾಕಿದಳು. ಮೊದಲಿನದಕ್ಕೆ ಬಹಳ ಹೊತ್ತು ಹಿಡಿಯಿತು. ರೇಷನ್ ಕಾರ್ಡಿಗೆ ಬರುವಷ್ಟರಲ್ಲಿ ಕೈ ಪಳಗಿತ್ತು.

“ವ ಕೆಳಗ ವ ಒತ್ತು ಸಣ್ಣದಾತು,” ಎಂದ ಅವನು.

“ನನ್ನ ಹೆಸರು, ನನ್ನ ಒತ್ತು. ಸುಮ್ನ ಹಿಡಕೊಳ್ರಿ.”

ಬಾಯಿ ಅಸಲುಗಳ ಜೊತೆ ಪ್ರತಿಗಳನ್ನು ಹೊಂದಿಸಿ ನೋಡಿದಳು, ಅಫಿಡವಿಟ್ಟಿನ ಸಹಿ ಮತ್ತು ಜೆರಾಕ್ಸ್ ಮೇಲಿನ ಸಹಿ ಒಂದೇ ಇದೆಯೋ ಎಂದೂ ನೋಡಿದಳು. ಆಮೇಲೆ ಅರ್ಜಿ ಟ್ರೇಗೆ ಹಾಕಿ, ಅದು ಮುಟ್ಟಿದ್ದಕ್ಕೆ ಪೋಚ್ ಚೀಟಿ ಕೊಟ್ಟಳು.

“ಸೋಮವಾರ ಬರ್ರಿ. ಅಡಿಗಿ ಮಾಡಿ ತೋರಿಸಬೇಕಾಗ್ತೈತಿ.”

“ನಾನೂ ಬರ್ಲೇನ್ರಿ?” ಎಂದ ಜಕ್ಕಪ್ಪ.

“ನೀವು ಅಡಿಗಿ ಮಾಡ್ತೀರೇನು?”

“ಇಲ್ರಿ. ಛಲೋ ಮಾಡ್ತಾಳ ಅಂತ ಹೇಳಾಕ.”

“ಅದನ್ನ ತಿಂದವ್ರು ಹೇಳ್ತಾರ,” ಎಂದಳು ಬಾಯಿ. ಮಾಯವ್ವ ಆಗಲೇ ಪೋಚನ್ನು ಮಡಿಚಿ ಕುಪ್ಪಸದಲ್ಲಿ ಇಟ್ಟುಕೊಂಡು ಮೆಟ್ಟಿಲು ಇಳಿಯುತ್ತಿದ್ದಳು, ಒಂದು ಕೈ ಗೋಡೆಗೆ. ಜಕ್ಕಪ್ಪ ಬೇಗ ಹೋಗಿ ಆ ಕೈಯ ಕೆಳಗೆ ತನ್ನ ಹೆಗಲು ಕೊಟ್ಟ.