ತೊಂಬತ್ತೆರಡೋ, ಎಂಬತ್ತಾರೋ

ಪತ್ರವನ್ನು ಅಂಚೆಗೆ ಹಾಕಿದ್ದರೆ ಅದು ತಲುಪುವ ಹೊತ್ತಿಗೆ ಜೋಳವೇ ಊರು ಬಿಟ್ಟಿರುತ್ತಿತ್ತು. ಆದ್ದರಿಂದ ರೈತ ಅದನ್ನು ತಾನೇ ತಂದು ಖರೀದಿ ಅಧಿಕಾರಿಯ ಮೇಜಿನ ಮೇಲಿಟ್ಟ.

ಅವನ ಹಿಂದೆ, ಬಾಗಿಲ ಹತ್ತಿರ, ಅವನ ಅಕ್ಕ ನಿಂತಿದ್ದಳು. ಅವಳು ತಮ್ಮನಿಗೆ ಬೆಂಬಲವಾಗಿ ಬಂದವಳಲ್ಲ. ಹೊಲ ಇಬ್ಬರದು, ಬೆಳೆ ಇಬ್ಬರದು. ಕಣದಲ್ಲಿ ಜೋಳ ತೂಗಿ, ಚೀಲ ತುಂಬಿ, ಬಾಯಿ ಹೊಲಿದು, ಟ್ರ್ಯಾಕ್ಟರಿಗೆ ಏರಿಸುವಾಗ ಒಂದೊಂದನ್ನೂ ಎಣಿಸಿದವಳು ಅವಳು. ತೊಂಬತ್ತೆರಡು. ಖರೀದಿ ಕೇಂದ್ರಕ್ಕೆ ಒಬ್ಬನೇ ಒಯ್ದ ತಮ್ಮ ತಂದುಕೊಟ್ಟ ಚೀಟಿಯಲ್ಲಿ ಇದ್ದದ್ದು ಎಂಬತ್ತಾರು. ಚೀಟಿ ನೋಡಿದವಳು ಒಂದೇ ಮಾತು ಕೇಳಿದ್ದಳು: "ಆರು ಚೀಲ ದಾರೀಲಿ ಯಾರ ಮನೆ ಮುಂದೆ ಇಳಿಸಿದೆ?"

ಆ ಮಾತು ಅವನಿಗೆ ಅನ್ನ ಸೇರದಂತೆ ಮಾಡಿತ್ತು. ಆರು ಚೀಲ ಹೋದರೆ ಹೋಗಲಿ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಕ್ಕನ ಕಣ್ಣಲ್ಲಿ ಕಳ್ಳನಾಗಿ ಉಳಿಯುವುದಕ್ಕಿಂತ ಅಧಿಕಾರಿಯ ಬಾಯಿಗೆ ಬೀಳುವುದೇ ಲೇಸು ಎಂದುಕೊಂಡು ಪತ್ರ ಬರೆದಿದ್ದ.

ಅಧಿಕಾರಿ ಅದನ್ನು ಮೂಗಿನಲ್ಲೇ ಗೊಣಗುತ್ತ ಓದಿದ.

'ನಾನು ತಂದದ್ದು ತೊಂಬತ್ತೆರಡು ಚೀಲ. ತಾವು ಬರೆದದ್ದು ಎಂಬತ್ತಾರು. ನನ್ನ ತೂಕ ನಲವತ್ತಾರು ಕ್ವಿಂಟಲ್. ತಮ್ಮ ತೂಕ ನಲವತ್ತಮೂರು. ನನ್ನ ಜೋಳ ಇನ್ನೂ ತಮ್ಮ ಶೆಡ್ಡಿನಲ್ಲೇ ಇದೆ. ಲಾರಿಗೆ ಏರಿಸುವ ಮೊದಲು ನನ್ನೆದುರಿಗೇ ಎಣಿಸಿ, ತೂಗಿ ಕೊಡಬೇಕು. ಇದರ ಒಂದು ಪ್ರತಿಯನ್ನು ಮೇಲಿನ ಕಚೇರಿಗೂ ಕೊಡುತ್ತೇನೆ.'

"ಮೇಲಿನ ಕಚೇರಿ!" ಎಂದ ಅಧಿಕಾರಿ. "ಅಲ್ಲಿಗೇ ಹೋಗಬೇಕಿತ್ತು. ಕೆಳಗಿನವರ ಹತ್ತಿರ ಯಾಕೆ ಬಂದೆ? ಈ ಸಹಿ ಯಾರದು?"

"ನಂದೇ."

"ಮತ್ತೆ? ಸಹಿ ಹಾಕುವಾಗ ಕಣ್ಣು ಮನೇಲಿ ಬಿಟ್ಟು ಬಂದಿದ್ಯಾ?"

"ಕಣ್ಣು ಇತ್ತು ಸಾರ್, ಚೀಟೀಲಿ ಅಕ್ಷರ ಇರಲಿಲ್ಲ. ಸಾಲು ಉದ್ದ ಇದೆ, ಬೇಗ ಬೇಗ ಸಹಿ ಹಾಕಿ ಅಂತ ಗೇಟಿನಲ್ಲೇ ಖಾಲಿ ಚೀಟಿಗೆ ಹಾಕಿಸ್ಕೊಂಡ್ರಿ. ಆಮೇಲೆ ಚೀಲ ಇಳೀತು."

ಅದು ಸುಳ್ಳಲ್ಲ. ಸಾಲು ಕರಗಿಸಲು ಆ ಕೇಂದ್ರದಲ್ಲಿ ಎಲ್ಲರಿಗೂ ಹಾಗೆಯೇ ಮಾಡುತ್ತಿದ್ದರು. ಅಧಿಕಾರಿ ಪತ್ರವನ್ನು ಬೆರಳಿನಿಂದ ದೂರ ತಳ್ಳಿದ.

"ನೋಡು, ಮಧ್ಯಾಹ್ನ ಲಾರಿ ಬರುತ್ತೆ. ನಿನ್ನ ಒಬ್ಬನ ಅನುಮಾನಕ್ಕೆ ಜೋಡಿಸಿದ ರಾಶಿ ಕೆಡವೋಕೆ ಆಗಲ್ಲ. ಹೊರಡು."

ಬಾಗಿಲಿನಿಂದ ಅಕ್ಕ ಹೇಳಿದಳು: "ನಡಿಯೋ. ಅವರಿಗೂ ಗೊತ್ತು, ನಿನಗೂ ಗೊತ್ತು."

ರೈತ ಅವಳತ್ತ ತಿರುಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು. ಅವನು ಪತ್ರವನ್ನು ಮತ್ತೆ ಮೇಜಿನ ನಡುವಿಗೆ ಎಳೆದ.

"ಒಂದು ಮಾತು ಸಾರ್. ನಲವತ್ತಮೂರು ಕ್ವಿಂಟಲ್ ಅಂತ ಬರೆದಿದ್ದೀರಲ್ಲ, ಮೇಲೆ ಒಂದು ಕಿಲೋ ಇಲ್ಲ, ಕೆಳಗೆ ಒಂದು ಕಿಲೋ ಇಲ್ಲ. ಎಂಬತ್ತಾರನ್ನು ಐವತ್ತರಿಂದ ಗುಣಿಸಿದ್ರೆ ಸರಿಯಾಗಿ ಅಷ್ಟೇ ಬರುತ್ತೆ. ಯಾವ ಕಾಟಾ ಇಷ್ಟು ಸಭ್ಯವಾಗಿ ತೂಗಿತು, ಅದರ ಚೀಟಿ ತೋರಿಸಿ. ನಾನು ಕೈಮುಗಿದು ಹೋಗ್ತೀನಿ."

ಮೂರು ನಾಲ್ಕು ಚೀಲ ತೂಗಿ, ಉಳಿದದ್ದನ್ನು ಗುಣಿಸಿ ಬರೆಯುವುದು ಅಲ್ಲಿನ ಇನ್ನೊಂದು ಅಭ್ಯಾಸ. ಅಧಿಕಾರಿ ಕುರ್ಚಿಯನ್ನು ಕಿರ್ರೆನ್ನಿಸಿ ಎದ್ದ.

"ಆಯ್ತು. ಎಣಿಸೋಣ. ಎಂಬತ್ತಾರೇ ಬಂದ್ರೆ ಹಮಾಲರ ಕೂಲಿ, ಲಾರಿ ಕಾದಿದ್ದರ ಬಾಡಿಗೆ ಎಲ್ಲ ನಿನ್ನ ತಲೆ ಮೇಲೆ. ಒಪ್ಪಿಗೆಯಾ?"

"ಒಪ್ಪಿಗೆ."

ಶೆಡ್ಡಿನೊಳಗೆ ಗೋಣಿಯ ವಾಸನೆ, ಧೂಳು, ತಗಡಿನ ಕಾವು. ಹಮಾಲರ ಮೇಸ್ತ್ರಿ ತಲೆಗೆ ಬಟ್ಟೆ ಬಿಗಿದುಕೊಂಡು ಗೊಣಗಿದ: "ಕಟ್ಟೋಕೂ ನಾವೇ, ಕೆಡವೋಕೂ ನಾವೇ. ದೇವರು ನಮ್ಮ ಬೆನ್ನನ್ನ ಬೆನ್ನು ಅಂತ ಮಾಡಿದ್ನೋ, ಏಣಿ ಅಂತ ಮಾಡಿದ್ನೋ!"

ಬೇರೆಯಾಗಿಯೇ ಜೋಡಿಸಿಟ್ಟಿದ್ದ ಅವನ ಚೀಲಗಳು ಒಂದೊಂದಾಗಿ ಇಳಿದವು. ಅಧಿಕಾರಿ ಗಟ್ಟಿಯಾಗಿ ಎಣಿಸಿದ. ಅಕ್ಕ ತುಟಿಯಲ್ಲೇ ಎಣಿಸಿದಳು. ಎಂಬತ್ತೈದು ಆಯಿತು, ಎಂಬತ್ತಾರು ಆಯಿತು; ರಾಶಿಯಿದ್ದ ಜಾಗದಲ್ಲಿ ನೆಲ ಕಂಡಿತು. ಅಧಿಕಾರಿ ಕೈ ಕೊಡವಿಕೊಂಡ.

"ಸಾಕಾ? ಮನಸ್ಸಿಗೆ ತೃಪ್ತಿ ಆಯ್ತಾ?"

ಅಕ್ಕ ತಮ್ಮನನ್ನು ನೋಡಿದಳು.

"ಇನ್ನೂ ಇದೆಯಲ್ಲ, ಸ್ವಾಮಿ," ಎಂದ ಮೇಸ್ತ್ರಿ, ಬೀಡಿ ಹುಡುಕುತ್ತ. "ಆ ಕಂಬದ ಹಿಂದೆ ಸಂದಿ ಬಿಟ್ರೆ ರಾಶಿ ವಾಲುತ್ತೆ ಅಂತ ಮೊದಲು ಅಲ್ಲಿ ತುಂಬಿದ್ವಿ. ಅದನ್ನ ತೆಗೀಲಾ, ಬೇಡವಾ?"

"ಅವತ್ತೇ ಯಾಕೆ ಹೇಳಲಿಲ್ಲ?" ಎಂದ ಅಧಿಕಾರಿ.

"ಅವತ್ತು ಯಾರು ಕೇಳಿದ್ರು? ನಿಮ್ಮ ಲೆಕ್ಕದವರು ಚಹಾ ಕುಡಿದು ಬಂದು, ಎದುರಿಗೆ ನಿಂತು, ಅಡ್ಡ ಇಷ್ಟು ಉದ್ದ ಇಷ್ಟು ಅಂತ ಬರ್ಕೊಂಡು ಹೋದ್ರು."

ಕಂಬದ ಹಿಂದಿನಿಂದ ಆರು ಚೀಲ ಹೊರಬಂದವು. ಅಕ್ಕನ ತುಟಿ ತೊಂಬತ್ತೆರಡಕ್ಕೆ ನಿಂತಿತು. ರೈತ ಈಗ ಅವಳ ಕಡೆ ನೋಡಿದ. ಅವಳು ಕಂಬವನ್ನು ನೋಡುತ್ತಿದ್ದಳು.

ಆದರೆ ಅಧಿಕಾರಿಯ ಮುಖ ಸುಟ್ಟ ಬದನೆಯಂತಾಗಿತ್ತು. "ನಿಲ್ಲು. ತೂಕಾನೂ ಕೇಳಿದ್ದೀಯಲ್ಲ? ಎಲ್ಲಾನೂ ತೂಗೋಣ. ಒಂದೂ ಬಿಡಬಾರದು."

ಐದೈದು ಚೀಲ ಕಾಟಾಕ್ಕೆ ಏರಿದವು. ಕೊನೆಯ ಎರಡು ಇಳಿದಾಗ ಒಟ್ಟು ನಲವತ್ತಾರು ಕ್ವಿಂಟಲ್, ಎರಡು ಕಿಲೋ. ರೈತ ಉಸಿರು ಬಿಟ್ಟ.

"ತಡಿ, ತಡಿ," ಎಂದ ಅಧಿಕಾರಿ. "ಇದು ಚೀಲ ಸೇರಿ. ಒಂದು ಖಾಲಿ ಚೀಲ ಸುಮಾರು ಐನೂರ ಎಂಬತ್ತು ಗ್ರಾಂ. ತೊಂಬತ್ತೆರಡು ಚೀಲಕ್ಕೆ ಐವತ್ತಮೂರು ಕಿಲೋ ಕಳಿ. ಉಳಿದ ಜೋಳ ನಲವತ್ತೈದು ಕ್ವಿಂಟಲ್ ನಲವತ್ತೊಂಬತ್ತು ಕಿಲೋ. ನಾವು ಕೊಂಡುಕೊಳ್ಳೋದು ಜೋಳ, ಗೋಣಿ ಅಲ್ಲ. ಒಂದೊಂದು ಚೀಲದಲ್ಲೂ ಐವತ್ತು ಕಿಲೋ ಜೋಳ ಇರಬೇಕು. ನಿನ್ನ ಪತ್ರದಲ್ಲಿ ನಲವತ್ತಾರು! ಕಡಿಮೆ ತುಂಬಿದ ಮಾಲು ಅಂತ ಇಡೀ ಲೋಡು ವಾಪಸ್ ಕಳಿಸಬಹುದು, ಗೊತ್ತಾ? ಮನೇಲಿ ತೂಗಿದೋರು ಯಾರು?"

ರೈತನ ಬಾಯಿಂದ ತಟ್ಟನೆ ಬಂತು: "ನಾನೇ."

ಚೀಲ ಹೊರುತ್ತಿದ್ದವರು ನಿಂತರು. ಅಕ್ಕ ಎರಡು ಹೆಜ್ಜೆ ಮುಂದೆ ಬಂದಳು.

"ನೀನು ಯಾವತ್ತು ತೂಗಿದೆ? ತೂಗಿದವಳು ನಾನು ಸಾರ್. ಚೀಲ ಸೇರಿಸಿ ಐವತ್ತು ಅಂದ್ಕೊಂಡು ಹಾಕಿದೆ. ಅವನ ಪುಣ್ಯ ನನಗೆ ಬೇಡ."

"ಅಕ್ಕ ತಮ್ಮ ಇಬ್ಬರೂ ಸೇರಿ ನನ್ನ ಲೆಕ್ಕ ತಪ್ಪು ಅನ್ನೋಕೆ ಬಂದಿದ್ದೀರಿ!"

"ನಿಮ್ಮದು ತಪ್ಪು ಹೌದಲ್ಲ ಮತ್ತೆ?" ಎಂದಳು ಅಕ್ಕ. "ನನ್ನದು ಐವತ್ತು ಕಿಲೋ ತಪ್ಪು, ನಿಮ್ಮದು ಆರು ಚೀಲ ತಪ್ಪು. ನನ್ನದನ್ನ ನಾನು ಒಪ್ಪಿದೆ. ನೀವು ಒಪ್ಪಿ ಬರೀರಿ."

ಅಧಿಕಾರಿ ಒಪ್ಪಲಿಲ್ಲ, ಆದರೆ ಬರೆದ. ಹಳೆಯ ಚೀಟಿ ರದ್ದಾಯಿತು. ಹೊಸದರಲ್ಲಿ ತೊಂಬತ್ತೆರಡು ಚೀಲ, ನಲವತ್ತೈದು ಕ್ವಿಂಟಲ್ ನಲವತ್ತೊಂಬತ್ತು ಕಿಲೋ. ಪತ್ರದಲ್ಲಿದ್ದ ನಲವತ್ತಾರನ್ನು ರೈತನ ಕೈಯಿಂದಲೇ ಹೊಡೆಸಿ, ಪಕ್ಕದಲ್ಲಿ ಸಹಿ ಹಾಕಿಸಿಕೊಂಡ. ಈ ಸಲ ರೈತ ಪ್ರತಿ ಅಂಕಿಯನ್ನೂ ಬೆರಳಿಟ್ಟು ಓದಿ, ನಂತರ ಸಹಿ ಮಾಡಿದ.

ಹೊರಗೆ ಬಂದು ಅವನು ಚೀಟಿಯನ್ನು ಅಕ್ಕನಿಗೆ ಚಾಚಿದ. ಅವಳು ಅದನ್ನು ಮಡಿಚಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಅವನು ಕಾದ.

"ಏನಾದ್ರೂ ಹೇಳೋದಿದೆಯಾ?" ಎಂದ ಕೊನೆಗೆ.

"ನಾನು ತೂಗಿದ್ದನ್ನ ನೀನು ತೂಗಿದೆ ಅಂತ ಯಾಕೆ ಹೇಳಿದೆ?"

"ಅದಲ್ಲ ಕೇಳಿದ್ದು."

"ನನಗೆ ಕೇಳೋಕಿರೋದು ಅಷ್ಟೇ."

"ಬರೋ ವರ್ಷ ನಿನ್ನ ಪಾಲು ನೀನೇ ತಗೊಂಡು ಬಾ," ಎಂದ ತಮ್ಮ.

"ತರ್ತೀನಿ. ಬಾಡಿಗೆ ಗಾಡಿ ಸಿಗಲ್ವಾ ಏನು?"

ಬರುವಾಗ ಅವಳು ಅವನ ಪಕ್ಕದಲ್ಲಿ, ಚಕ್ರದ ಮೇಲಿನ ತಗಡಿನ ಮೇಲೆ ಕೂತಿದ್ದಳು. ಈಗ ಹಿಂದಿನ ಖಾಲಿ ಟ್ರೇಲರ್ ಹತ್ತಿ, ಅಂಚು ಹಿಡಿದು ಕೂತಳು. ಅವನು ಟ್ರ್ಯಾಕ್ಟರ್ ಎಬ್ಬಿಸಿದ. ಗುಂಡಿ ಬಂದಲ್ಲಿ ಅವನು ನಿಧಾನ ಮಾಡಲಿಲ್ಲ. ನಿಧಾನ ಮಾಡು ಎಂದು ಅವಳೂ ಅನ್ನಲಿಲ್ಲ.